ನಕ್ಷೆಯಲ್ಲಿ ಹಸಿರು, ಅಂಗಳದಲ್ಲಿ ನೀರು

ಬೋಧನಾ ಅಭ್ಯಾಸಕ್ಕೆ ನನಗೆ ಸಿಕ್ಕಿದ್ದು ಯಲ್ಲಾಪುರದ ಒಂದು ಪ್ರೌಢಶಾಲೆಯ ಎಂಟನೇ ತರಗತಿ. ಘಟಕ ‘ಬಲ ಮತ್ತು ಒತ್ತಡ’. ಅದೇ ದಿನಗಳಲ್ಲಿ ಊರಿನ ಒಂದು ಗೃಹ ನಿರ್ಮಾಣ ಸಹಕಾರ ಸಂಘದವರು, ಮಳೆಗಾಲಕ್ಕೆ ಮುಂಚೆ ತಮ್ಮ ಬಡಾವಣೆಯ ತಗ್ಗು ಜಾಗಗಳನ್ನು ತೋರಿಸುವ ನಕ್ಷೆಯೊಂದನ್ನು ಮಾಡಿಕೊಡಲು ನನ್ನನ್ನು ಕೇಳಿದ್ದರು. ಬಡಾವಣೆಯ ಒಂದು ಬದಿಗೆ ದೊಡ್ಡ ಗಟಾರವಿದೆ, ಅದರಾಚೆ ಅಡಿಕೆ ತೋಟ. ಗಟಾರ ರಸ್ತೆಯನ್ನು ದಾಟುವಲ್ಲಿ ಒಂದು ಮೋರಿ. 2021ರ ಜುಲೈ ಮಳೆಯನ್ನು ನಮ್ಮ ತಾಲ್ಲೂಕಿನವರು ಮರೆತಿಲ್ಲ. ಕಳಚೆಯಲ್ಲಿ ಗುಡ್ಡ ಕುಸಿದದ್ದೂ ಗುಳ್ಳಾಪುರದ ಸೇತುವೆ ಕೊಚ್ಚಿಹೋದದ್ದೂ ಆಗಲೇ. ಆ ವಾರ ಈ ಬಡಾವಣೆಗೂ ನೀರು ನುಗ್ಗಿತ್ತು.

ನಾನು ಉಪಗ್ರಹ ಎತ್ತರದ ದತ್ತಾಂಶವನ್ನು ಇಳಿಸಿಕೊಂಡು, QGIS ತಂತ್ರಾಂಶದಲ್ಲಿ ಒಂದೊಂದು ಮೀಟರಿಗೆ ಸಮೋನ್ನತಿ ರೇಖೆ ಎಳೆದು, ತಗ್ಗಿಗೆ ನೀಲಿ, ಎತ್ತರಕ್ಕೆ ಹಸಿರು ಬಳಿದೆ. ನೋಡಲು ಚೆಂದವಿತ್ತು. ‘ನೀರು ತಗ್ಗಿಗೆ ಹರಿಯುತ್ತದೆ’ ಎಂಬುದಕ್ಕೆ ಉದಾಹರಣೆಯಾಗಿ ತರಗತಿಗೂ ಒಯ್ದೆ. ಹಿಂದಿನ ಬೆಂಚಿನಲ್ಲಿದ್ದ ಒಬ್ಬ ಹುಡುಗಿ ಬೆರಳಿಟ್ಟು ತನ್ನ ಮನೆ ಹುಡುಕಿದಳು. ಆಮೇಲೆ ಕೇಳಿದಳು: “ಸರ್, ನಮ್ಮನೆ ಅಂಗಳಕ್ಕೇ ಮೊದ್ಲು ನೀರು ಬರೋದು. ಇಲ್ಲಿ ಹಸಿರು ಇದೆಯಲ್ಲ?”

‘ಆಮೇಲೆ ನೋಡೋಣ’ ಎಂದು ಪಾಠ ಮುಂದುವರಿಸಿದೆ. ಹಿಂದೆ ಕುಳಿತಿದ್ದ ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು: ‘ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಬಾಕಿ ಇದೆ.’

ಅಂದು ಸಂಜೆ ನಕ್ಷೆಯನ್ನು ಪರೀಕ್ಷಿಸಿದೆ. ಗಟಾರದ ಗುಂಟ ಮೇಲಿನಿಂದ ಕೆಳಕ್ಕೆ ಎತ್ತರಗಳನ್ನು ಓದುತ್ತ ಹೋದರೆ 538, 541, 545, 539 ಮೀಟರ್ ಎಂದು ಬಂತು. ಹರಿಯುವ ನೀರು ಏಳು ಮೀಟರ್ ಹತ್ತಿ ಇಳಿಯಲಾರದು. ಹಾಗಾದರೆ ತಪ್ಪು ದತ್ತಾಂಶದಲ್ಲೇ ಇರಬೇಕು. ಗಟಾರದ ತಳದ ಎತ್ತರ ಎಲ್ಲಿಯೂ ಏರಬಾರದು ಎಂಬ ಈ ಪರೀಕ್ಷೆಗೆ ಐದು ನಿಮಿಷ ಸಾಕು. ನಾನು ಅದನ್ನು ಮೊದಲೇ ಮಾಡಬೇಕಿತ್ತು.

ಕಾರಣಗಳು ಎರಡು. ನಾನು ಬಳಸಿದ ದತ್ತಾಂಶ 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯೊಂದರ ರೇಡಾರ್ ಸಂಗ್ರಹಿಸಿದ್ದು. ಅದರ ಹೆಸರು SRTM. ಆ ರೇಡಾರ್ ಅಲೆ ದಟ್ಟ ಎಲೆಗಳನ್ನು ಪೂರ್ತಿ ದಾಟಿ ನೆಲ ಮುಟ್ಟುವುದಿಲ್ಲ, ಮರಗಳ ಮೇಲ್ಭಾಗದಿಂದಲೇ ಬಹುಪಾಲು ಮರಳುತ್ತದೆ. ಹೀಗೆ ತೋಟದ ಅಡಿಕೆ ಮರಗಳ ಎತ್ತರ ಗಟಾರದ ಎತ್ತರಕ್ಕೆ ಸೇರಿಕೊಂಡಿತು. ಊರಿನ ಅತಿ ತಗ್ಗಾದ ಪಟ್ಟಿ ನಕ್ಷೆಯಲ್ಲಿ ದಿಬ್ಬವಾಯಿತು. ಎರಡನೆಯದು, ಇದರ ಒಂದು ಚೌಕ ಸುಮಾರು 30 ಮೀಟರ್ ಅಗಲ. ಅಷ್ಟು ಜಾಗಕ್ಕೆಲ್ಲ ಒಂದೇ ಸಂಖ್ಯೆ, ಅದೂ ಪೂರ್ಣ ಮೀಟರಿನಲ್ಲಿ. ಎರಡು ಮೀಟರ್ ಅಗಲದ ಗಟಾರ ಅದರಲ್ಲಿ ಕಾಣುವುದಿಲ್ಲ. ನಾನು ಎಳೆದ ಒಂದು ಮೀಟರಿನ ರೇಖೆಗಳು ತಂತ್ರಾಂಶ ನಡುವೆ ತುಂಬಿಕೊಟ್ಟವೇ ಹೊರತು ಅಳೆದವಲ್ಲ. ಇಡೀ ಕಣಿವೆ ಯಾವ ಕಡೆ ಇಳಿಯುತ್ತದೆ, ಯಾವ ಗುಡ್ಡಗಳ ನೀರು ಈ ಗಟಾರಕ್ಕೆ ಬರುತ್ತದೆ ಎಂಬುದನ್ನು ಈ ದತ್ತಾಂಶದಿಂದ ನೋಡಬಹುದು. ಯಾವ ಮನೆಯ ಹೊಸ್ತಿಲು ತೋಯುತ್ತದೆ ಎಂದು ಹೇಳಲಾಗದು.

ಉತ್ತರ ನನ್ನ ಪಾಠದೊಳಗೇ ಇತ್ತು. ಒಂದಕ್ಕೊಂದು ಕೂಡಿದ ಪಾತ್ರೆಗಳಲ್ಲಿ ನಿಂತ ನೀರಿನ ಮಟ್ಟ ಒಂದೇ. ಗೌಂಡಿಗಳು ಅಡಿಪಾಯಕ್ಕೆ ಬಳಸುವ ಲೆವೆಲ್ ಪೈಪು ಇದೇ ತತ್ವದ್ದು. ಇಪ್ಪತ್ತು ಮೀಟರ್ ಪಾರದರ್ಶಕ ಪೈಪು, ಎರಡು ಅಳತೆ ಪಟ್ಟಿ, ಒಂದು ನೋಟ್‌ಬುಕ್ ಹಿಡಿದು, ಗಟಾರ ಒಣಗಿದ್ದ ಫೆಬ್ರವರಿಯ ಎರಡು ಶನಿವಾರ ಮಧ್ಯಾಹ್ನ ಎಂಟು ಮಕ್ಕಳೊಡನೆ ಹೋದೆ.

ಮೋರಿಯ ಚಪ್ಪಡಿಯ ಮೇಲ್ಮೈಯನ್ನು 10.00 ಮೀಟರ್ ಎಂದು ಇಟ್ಟುಕೊಂಡೆವು. ಸಮುದ್ರ ಮಟ್ಟ ನಮಗೆ ಬೇಕಿರಲಿಲ್ಲ, ಮೋರಿಗಿಂತ ಯಾರ ಮನೆ ಎಷ್ಟು ಕೆಳಗೆ ಎಂಬುದಷ್ಟೇ ಬೇಕಿತ್ತು. ಪೈಪಿನ ಒಂದು ತುದಿಯಲ್ಲಿ ನೀರು ಚಪ್ಪಡಿಯಿಂದ 42 ಸೆಂ.ಮೀ. ಮೇಲೆ, ಇನ್ನೊಂದು ತುದಿಯಲ್ಲಿ ನೆಲದಿಂದ 58 ಸೆಂ.ಮೀ. ಮೇಲೆ ನಿಂತಿತು. ಅಂದರೆ ಆ ನೆಲ 16 ಸೆಂ.ಮೀ. ಕೆಳಗೆ: 9.84. ಹೀಗೆ ಪೈಪನ್ನು ಸರಿಸುತ್ತ ಮನೆಯಿಂದ ಮನೆಗೆ ಹೋಗಿ, ಬೇರೆ ದಾರಿಯಲ್ಲಿ ಮೋರಿಗೆ ಮರಳಿದೆವು. ಮರಳಿದಾಗ 10.00 ಬರಬೇಕು. ಮೊದಲ ಸಲ 11 ಸೆಂ.ಮೀ. ವ್ಯತ್ಯಾಸ ಬಂತು. ಪೈಪನ್ನು ಬೆಳಕಿಗೆ ಹಿಡಿದು ನೋಡಿದ ಒಬ್ಬ ಹುಡುಗ ನಡುವೆ ಸಿಕ್ಕಿದ್ದ ಗಾಳಿಗುಳ್ಳೆ ತೋರಿಸಿದ. ಗುಳ್ಳೆ ಹೊರಡಿಸಿ ಮತ್ತೆ ಅಳೆದಾಗ ವ್ಯತ್ಯಾಸ 2 ಸೆಂ.ಮೀ.ಗೆ ಇಳಿಯಿತು.

ಹುಡುಗಿಯ ಮನೆಯ ಅಂಗಳ 9.46. ಬಡಾವಣೆಯಲ್ಲೇ ಅತಿ ತಗ್ಗು. ಅವಳ ಅಜ್ಜಿ ಪಾಗಾರದ ಮೇಲೆ 2021ರ ನೀರಿನ ಕಲೆ ತೋರಿಸಿದರು. ಅದರ ಮಟ್ಟ 9.80. ತೊಂಬತ್ತು ಮೀಟರ್ ಮೇಲ್ಗಡೆಯ ಇನ್ನೊಂದು ಮನೆಯ ಕಲೆ 9.86. ಇಷ್ಟು ದೂರಕ್ಕೆ ಆರೇ ಸೆಂ.ಮೀ. ವ್ಯತ್ಯಾಸವೆಂದರೆ ನೀರು ರಭಸವಾಗಿ ಹರಿದಿರಲಿಲ್ಲ, ಮೋರಿಯ ಹಿಂದೆ ಕೆರೆಯಂತೆ ನಿಂತಿತ್ತು. ಚಪ್ಪಡಿಯ ದಪ್ಪ 25 ಸೆಂ.ಮೀ., ಹಾಗಾಗಿ ಮೋರಿಯ ಬಾಯಿಯ ಮೇಲಂಚು 9.75. ಕಲೆ ಅದಕ್ಕಿಂತ ಸ್ವಲ್ಪ ಮೇಲಿದೆ. ಅಂದು ಮೋರಿ ಪೂರ್ತಿ ತುಂಬಿತ್ತು ಎಂದು ಇದರಿಂದ ತಿಳಿಯಿತು.

“ತಮಾ, ಅಂಗಳಕ್ಕೆ ಬತ್ತು, ಒಳಗೆ ಯಾವತ್ತೂ ಬಂದಿದ್ದಿಲ್ಲೆ” ಎಂದರು ಅಜ್ಜಿ. ಅವರ ಮಾತು ನಿಜ. ಮನೆಯ ನೆಲ ಅಂಗಳಕ್ಕಿಂತ 45 ಸೆಂ.ಮೀ. ಎತ್ತರ, ಅಂದರೆ 9.91. ಅಂದು ನೀರು ಒಳಬರಲು 11 ಸೆಂ.ಮೀ. ಬಾಕಿ ಇತ್ತು. ಆದರೆ ಅಡಿಕೆ ಹಾಳೆ, ಸೋಗೆ, ಕೊಂಬೆಗಳು ಸೇರಿ ಮೋರಿಯ ಬಾಯಿ ಮುಚ್ಚಿದರೆ ನೀರಿಗೆ ರಸ್ತೆಯ ಮೇಲಿಂದ ಹೋಗುವುದೊಂದೇ ದಾರಿ. ಅದಕ್ಕೆ ನೀರು 10.00 ದಾಟಬೇಕು. ಅಷ್ಟರಲ್ಲಿ ಅಜ್ಜಿಯ ಅಡಿಗೆಮನೆಯಲ್ಲಿ 9 ಸೆಂ.ಮೀ. ನೀರು. ನಾನು ಇದನ್ನು ಲೆಕ್ಕಮಾಡಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಹೊಸ್ತಿಲನ್ನೇ ನೋಡಿದರು.

ಹೊಸ ನಕ್ಷೆಯನ್ನು ಡ್ರಾಯಿಂಗ್ ಹಾಳೆಯ ಮೇಲೆ ಮಕ್ಕಳೇ ಬರೆದರು. ಅದರಲ್ಲಿ ಎರಡೇ ಗೆರೆ: 9.80, ಅಂದರೆ ನೀರು ಒಮ್ಮೆ ಬಂದ ಮಟ್ಟ, 10.00, ಅಂದರೆ ಮೋರಿ ಕಟ್ಟಿದರೆ ಏರುವ ಮಟ್ಟ. ಎರಡನೆಯ ಗೆರೆಯೊಳಗೆ ನಾಲ್ಕು ಮನೆಗಳ ನೆಲ ಬರುತ್ತದೆ. ಮೋರಿಯ ಕೆಳಗಿನ ಮನೆಗಳಿಗೆ ಈ ಲೆಕ್ಕ ಹೊಂದುವುದಿಲ್ಲ, ಅಲ್ಲಿ ನೀರು ನಿಲ್ಲದೆ ಹರಿಯುತ್ತದೆ. ಆ ಭಾಗವನ್ನು ಬಣ್ಣ ಹಾಕದೆ ಬಿಟ್ಟು ‘ಅಳೆದಿಲ್ಲ’ ಎಂದು ಬರೆದೆವು. ಸಂಘದವರು ಮೇ ಕೊನೆಯಲ್ಲಿ ಮೋರಿ ಬಿಡಿಸಿ, ಅದರ ಗೋಡೆಯ ಮೇಲೆ 9.46, 9.80 ಮತ್ತು 10.00ಕ್ಕೆ ಬಣ್ಣದ ಪಟ್ಟಿ ಹೊಡೆಸಿದರು. ಮೊದಲ ಪಟ್ಟಿ ಮುಟ್ಟಿದರೆ ಮೋರಿಯ ಕಸ ನೋಡುವುದು, ಎರಡನೆಯದು ಮುಟ್ಟಿದರೆ ನಾಲ್ಕು ಮನೆಯವರು ಅಕ್ಕಿ, ಗ್ಯಾಸ್ ಸಿಲಿಂಡರ್ ಮೇಲೆತ್ತಿ ಮುಖ್ಯ ಸ್ವಿಚ್ ತೆಗೆಯುವುದು ಎಂದು ಗೊತ್ತುಮಾಡಿಕೊಂಡರು.

ಜುಲೈಯಲ್ಲಿ ಒಂದು ರಾತ್ರಿ ನೀರು ಮೊದಲ ಪಟ್ಟಿಯನ್ನು ದಾಟಿತು. ಆ ಹುಡುಗಿ ಮನೆಯಿಂದ ಫೋನ್ ಮಾಡಿ, “ಸರ್, ಅಂಗಳದಲ್ಲಿ ಈಗ ನಾಲ್ಕು ಬೆರಳು” ಎಂದಳು. ಮೋರಿಗೆ ಅಡ್ಡ ಸಿಕ್ಕಿದ್ದ ಸೋಗೆಗಳನ್ನು ಬೆಳಿಗ್ಗೆ ತೆಗೆದರು, ನೀರು ಇಳಿಯಿತು. ವೀಕ್ಷಣಾ ಪುಸ್ತಕದ ಆ ಸಾಲಿನ ಕೆಳಗೆ ನಾನು ಅಂದಿನ ದಿನಾಂಕ ಬರೆದೆ.