ಹೆಲೆನ್‌ಗೊಂದು ಕರೆಯೋಲೆ

ಪಕ್ಕದ ಮನೆಯ ಶಾರದಮ್ಮನವರ ಮಗಳು ವಿದ್ಯಾಳಿಗೆ ಮದುವೆ ನಿಶ್ಚಯವಾಯಿತು. ಮುಹೂರ್ತ ಫೆಬ್ರುವರಿ 7ಕ್ಕೆ. ಅಮೆರಿಕದ ಹೆಲೆನ್‌ಳನ್ನು ಕರೆಯಲೇಬೇಕೆಂದು ಅವರಿಗೆ ಆಸೆ. ಯೋಗ ಕಲಿಯಲು ಮೈಸೂರಿಗೆ ಬಂದು, ಇವರ ಮಹಡಿಯ ಕೋಣೆಯಲ್ಲಿ ಮೂರು ತಿಂಗಳಿದ್ದು ಹೋದ ಹುಡುಗಿ ಅವಳು.

"ಲಗ್ನಪತ್ರಿಕೆ ಅಚ್ಚಾಗಲಿ, ಅದನ್ನೇ ಕಳಿಸಿದರಾಯಿತು" ಎಂದರು ಶಾರದಮ್ಮ.

"ಅದು ಅಚ್ಚಾಗುವುದು ಮದುವೆಗೆ ಮೂರು ವಾರವಿದ್ದಾಗ. ಅವಳು ರಜೆ, ವೀಸಾ, ಟಿಕೆಟ್ಟು ನೋಡಿಕೊಳ್ಳಬೇಡವೇ? ಈಗಲೇ ಇ-ಮೇಲ್ ಬರೆಯಿರಿ" ಎಂದೆ. ಆಗಿನ್ನೂ ಅಕ್ಟೋಬರ್.

ಮರುದಿನವೇ ಒಂದು ಹಾಳೆ ಹಿಡಿದು ಬಂದರು. ಯಾರದೋ ಪತ್ರಿಕೆಯ ಇಂಗ್ಲಿಷ್ ಮಗ್ಗುಲನ್ನು ನೋಡಿ "ವಿ ಸಾಲಿಸಿಟ್ ಯುವರ್ ಗ್ರೇಶಿಯಸ್ ಪ್ರೆಸೆನ್ಸ್" ಎಂದು ಬರೆದಿದ್ದರು. ಕೊನೆಗೆ "ಯೂ ಮಸ್ಟ್ ಕಮ್ ವಿದೌಟ್ ಫೇಲ್."

ಮೊದಲನೆಯದು ಕಲ್ಯಾಣಮಂಟಪದ ಭಾಷೆ, ಗೆಳತಿಗೆ ಸಲ್ಲದು. ಎರಡನೆಯದರಲ್ಲಿ ಅವರು ಹೇಳಹೊರಟಿದ್ದು 'ತಪ್ಪದೆ ಬರಬೇಕು' ಎಂದು. ನಮ್ಮಲ್ಲಿ ಅದು ಅಕ್ಕರೆ. ಇಂಗ್ಲಿಷಿನಲ್ಲಿ ಮಸ್ಟ್ ಜೊತೆಗೆ ವಿದೌಟ್ ಫೇಲ್ ಸೇರಿದರೆ ಆಫೀಸಿನ ಆಜ್ಞೆಯಂತೆ ಕೇಳುತ್ತದೆ. ಅದೇ ಅಕ್ಕರೆಗೆ ಅವರ ಮಾತು "ವೀಡ್ ಲವ್ ಯೂ ಟು ಕಮ್", ನೀನು ಬಂದರೆ ನಮಗೆ ತುಂಬ ಸಂತೋಷ ಎಂದು. 'ವಿ ವುಡ್' ಎನ್ನುವುದನ್ನು ಹೀಗೆ 'ವೀಡ್' ಎಂದು ಕೂಡಿಸಿ ಬರೆದರೆ ಮಾತನಾಡಿದ ಹಾಗೇ ಇರುತ್ತದೆ.

ತಾರೀಖನ್ನು 7/2 ಎಂದು ಹಾಕಿದ್ದರು. ಅಮೆರಿಕದವರು ತಿಂಗಳನ್ನು ಮೊದಲು ಬರೆಯುವವರು. ಹೆಲೆನ್ ಅದನ್ನು ಜುಲೈ 2 ಎಂದೇ ಓದುತ್ತಿದ್ದಳು! ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಸಿದೆ. 'ಮ್ಯಾರೇಜ್' ಇದ್ದಲ್ಲಿ 'ವೆಡ್ಡಿಂಗ್' ಮಾಡಿದೆವು. ಮ್ಯಾರೇಜ್ ಎಂದರೆ ಮುಂದಿನ ದಾಂಪತ್ಯ, ವೆಡ್ಡಿಂಗ್ ಎಂದರೆ ಆ ದಿನದ ಸಮಾರಂಭ.

ಕೊನೆಗೆ ಉಳಿದದ್ದು ಇಷ್ಟು:

"ಡಿಯರ್ ಹೆಲೆನ್, ಹೌ ಆರ್ ಯೂ? ಐ ಹ್ಯಾವ್ ಗುಡ್ ನ್ಯೂಸ್. ವಿದ್ಯಾ ಈಸ್ ಗೆಟ್ಟಿಂಗ್ ಮ್ಯಾರಿಡ್! ದ ವೆಡ್ಡಿಂಗ್ ಈಸ್ ಇನ್ ಮೈಸೂರು ಆನ್ ಫೆಬ್ರುವರಿ 7. ವೀಡ್ ಲವ್ ಯೂ ಟು ಕಮ್. ಪ್ಲೀಸ್ ಸ್ಟೇ ವಿತ್ ಅಸ್. ಇಫ್ ಯೂ ಕಾಂಟ್ ಕಮ್, ಡೋಂಟ್ ವರಿ. ಕ್ಯಾನ್ ಯೂ ಲೆಟ್ ಮಿ ನೋ ಬೈ ದ ಎಂಡ್ ಆಫ್ ನವೆಂಬರ್? ಲವ್, ಶಾರದಾ."

"ಬರಲಾಗದಿದ್ದರೆ ಚಿಂತೆಯಿಲ್ಲ ಅಂತ ನಾವೇ ಬರೆಯೋದೇನ್ರೀ? ಕರೆಯೋಕೆ ಮನಸ್ಸಿಲ್ಲ ಅಂದುಕೊಂಡಾಳು!" ಎಂದರು ಶಾರದಮ್ಮ. ಅಷ್ಟು ದೂರದಿಂದ ಬರುವುದೆಂದರೆ ದೊಡ್ಡ ಖರ್ಚು. ಇಲ್ಲವೆನ್ನಲು ಸಂಕೋಚವಾದರೆ ಅವಳು ಉತ್ತರವನ್ನೇ ಬರೆಯದೆ ಇದ್ದುಬಿಟ್ಟಾಳು ಎಂದೆ. ಒಲ್ಲದ ಮನಸ್ಸಿನಿಂದ ಒಪ್ಪಿದರು.

ಮೂರನೆಯ ದಿನ ಉತ್ತರ ಬಂತು. ಬಂದೇ ಬರುತ್ತೇನೆ ಎಂದೇನೂ ಇರಲಿಲ್ಲ. ರಜೆ ಕೇಳಿದ್ದೇನೆ, ಸಿಕ್ಕರೆ ನನಗೆ ಸೀರೆ ಉಡಿಸುವವರು ಯಾರು ಎಂದು ಕೇಳಿದ್ದಳು.

ಶಾರದಮ್ಮ ನನ್ನನ್ನು ಕರೆಯಲಿಲ್ಲ. ತಾವೇ ಒಂದೊಂದೇ ಅಕ್ಷರ ಒತ್ತಿ, "ಐ ವಿಲ್" ಎಂದು ಕಳಿಸಿ, ಆಮೇಲೆ ಬಂದು ನನಗೆ ತೋರಿಸಿದರು.