ಮೊದಲು ಬ್ರೇಕ್ ಆಯಿಲ್

ಹೋದ ತಿಂಗಳು ಅಪ್ಪ ಸೆಕೆಂಡ್ ಹ್ಯಾಂಡ್ ಕಾರು ತಗೊಂಡ್ರು, 2012ರ ಪೆಟ್ರೋಲ್ ಗಾಡಿ. ಆರ್‌ಸಿ, ಇನ್ಶೂರೆನ್ಸ್ ಎಲ್ಲಾ ಸರಿ ಇತ್ತು, ಆದ್ರೆ ಸರ್ವೀಸ್ ಮಾಡಿಸಿದ ಒಂದು ಬಿಲ್ಲೂ ಇಲ್ಲ. ಮಾರಿದವರು "ಎಲ್ಲಾ ಮಾಡ್ಸಿದೀವಿ ಸಾರ್" ಅಂದ್ರು, ಅಷ್ಟೇ. ಶನಿವಾರ ಚಾರ್ಮಾಡಿ ಘಾಟಿ ಇಳಿದು ಉಜಿರೆಗೆ, ಅಜ್ಜಿ ಮನೆಗೆ ಹೋಗೋದು ಅಂತ ಆಗಲೇ ತೀರ್ಮಾನ ಆಗಿತ್ತು.

ಅಪ್ಪನ ಲೆಕ್ಕದಲ್ಲಿ ಇಂಜಿನ್ ಆಯಿಲ್, ಫಿಲ್ಟರ್ ಬದಲಾಯಿಸಿದ್ರೆ ಸಾಕು. ನಮ್ಮ ಬೀದಿಯ ಮೆಕ್ಯಾನಿಕ್ ಅಣ್ಣ ಅದನ್ನ ಮಾಡಿದ್ರು. ಆಮೇಲೆ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ನನ್ನನ್ನ ಕರೆದರು. ಹೊಸದಾಗಿದ್ರೆ ತೆಳು ಜೇನಿನ ಬಣ್ಣ ಇರಬೇಕಾದ್ದು ಕಾಫಿ ಡಿಕಾಕ್ಷನ್ ಥರ ಇತ್ತು. "ಘಾಟಿಗೆ ಹೋಗೋದಾದ್ರೆ ಇದು ಬದಲಾಗ್ಲೇಬೇಕು ಸಾರ್" ಅಂದ್ರು. ಬ್ರೇಕ್ ಚೆನ್ನಾಗೇ ಹಿಡೀತಿದೆಯಲ್ಲಾ ಅನ್ನೋದು ಅಪ್ಪನ ವಾದ.

ಇಲ್ಲಿ ಮಾತ್ರ ನನ್ನ ಫ್ಲೂಯಿಡ್ ಮೆಕ್ಯಾನಿಕ್ಸ್ ಕೆಲಸಕ್ಕೆ ಬಂತು. ಬ್ರೇಕ್ ಆಯಿಲ್ ಗಾಳಿಯಲ್ಲಿರೋ ನೀರನ್ನ ನಿಧಾನಕ್ಕೆ ಹೀರಿಕೊಳ್ಳುತ್ತೆ. ಡಾಟ್ 3 ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಅನ್ನೋದು ನಿಯಮ. ಸುಮಾರು 3.7% ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತೆ. ಊರೊಳಗೆ ಓಡಿಸುವಾಗ ಬ್ರೇಕ್ ಅಷ್ಟು ಕಾಯಲ್ಲ, ಹಾಗಾಗಿ ಏನೂ ಗೊತ್ತಾಗಲ್ಲ. ಘಾಟಿಯಲ್ಲಿ ಒಂದೇ ಸಮನೆ ಬ್ರೇಕ್ ಒತ್ತುತ್ತಾ ಇಳಿದಾಗ ಆಯಿಲ್ ಕುದ್ದು ಆವಿಯ ಗುಳ್ಳೆ ಹುಟ್ಟುತ್ತೆ. ಎಕ್ಸಾಮಲ್ಲಿ ನಾವು ದ್ರವವನ್ನ ಇನ್‌ಕಂಪ್ರೆಸಿಬಲ್ ಅಂತ ಬರೀತೀವಲ್ಲ, ಆವಿ ಹಾಗಲ್ಲ. ಪೆಡಲ್ ಒತ್ತಿದ್ರೆ ಗುಳ್ಳೆ ಕುಗ್ಗುತ್ತೆ, ಪೆಡಲ್ ನೆಲ ಮುಟ್ಟುತ್ತೆ, ಗಾಡಿ ನಿಲ್ಲಲ್ಲ. ಇಷ್ಟು ಹೇಳಿದ ಮೇಲೆ ಅಪ್ಪ ಸುಮ್ಮನಾದರು.

ಮುಚ್ಚಳದ ಮೇಲೆ ಡಾಟ್ 3 ಅಂತಿತ್ತು, ಅದನ್ನೇ ಸೀಲ್ ಒಡೆಯದ ಡಬ್ಬಿಯಲ್ಲಿ ತಂದ್ವಿ. ಪೆಡಲ್ ಒತ್ತೋ ಡ್ಯೂಟಿ ನನ್ನದು. ನಾನು ಒತ್ತಿ ಹಿಡೀಬೇಕು, ಅಣ್ಣ ಚಕ್ರದ ಹತ್ರ ನಿಪ್ಪಲ್ ಸಡಿಲ ಮಾಡಿದಾಗ ಹಳೇ ಆಯಿಲ್ ಪೈಪಲ್ಲಿ ಹೊರಗೆ ಬರುತ್ತೆ. ಅವರು ನಿಪ್ಪಲ್ ಬಿಗಿ ಮಾಡಿದ ಮೇಲಷ್ಟೇ ಕಾಲು ತೆಗೀಬೇಕು. ಮೂರನೇ ಚಕ್ರದಲ್ಲಿ ನಾನು ಅವಸರಕ್ಕೆ ಮೊದಲೇ ತೆಗೆದುಬಿಟ್ಟೆ. ಗಾಳಿ ಒಳಗೆ ಹೋಯ್ತು, ಪೆಡಲ್ ಸ್ಪಾಂಜ್ ಥರ ಆಯ್ತು. ಚೆನ್ನಾಗಿ ಬೈಸಿಕೊಂಡೆ, ಆ ಚಕ್ರದ್ದು ಮತ್ತೆ ಮೊದಲಿಂದ. ಅಷ್ಟರಲ್ಲಿ ಡಬ್ಬಿಯ ಮಟ್ಟ ತಳ ಮುಟ್ಟದ ಹಾಗೆ ಮೇಲಿಂದ ಹಾಕ್ತಾನೇ ಇರಬೇಕು, ಇಲ್ಲಾಂದ್ರೆ ಅಲ್ಲಿಂದಲೂ ಗಾಳಿ ನುಗ್ಗುತ್ತೆ. ಬಾನೆಟ್ ಹತ್ರ ಚೆಲ್ಲಿದ್ದನ್ನ ಅಣ್ಣ ಕೂಡಲೇ ನೀರು ಹಾಕಿ ತೊಳೆದರು, ಬಿಟ್ರೆ ಪೇಂಟ್ ಕಿತ್ಕೊಂಡು ಬರುತ್ತಂತೆ.

ಇಂಜಿನ್ ತಣ್ಣಗಿದ್ದಾಗ ಕೂಲೆಂಟ್ ನೋಡಿದ್ವಿ. ತುಕ್ಕಿನ ಬಣ್ಣ, ಯಾರೋ ನಲ್ಲಿ ನೀರು ತುಂಬಿಸಿದ್ದಿರಬೇಕು. ಅದನ್ನೂ ತೊಳೆದು ಹೊಸದು ಹಾಕಿಸಿದ್ವಿ.

ಶನಿವಾರ ಕೊಟ್ಟಿಗೆಹಾರ ದಾಟಿದ ಮೇಲೆ ಅಪ್ಪ ಎರಡನೇ ಗೇರಲ್ಲೇ ಇಳಿಸಿದ್ರು. ಹೊಸ ಆಯಿಲ್ ಇದ್ರೂ ಬ್ರೇಕ್ ಒಂದನ್ನೇ ನಂಬೋ ಹಾಗಿಲ್ಲ, ಪ್ಯಾಡ್ ಕಾದ್ರೂ ಹಿಡಿತ ಕಮ್ಮಿಯಾಗುತ್ತೆ. ಕೆಳಗೆ ಚಾರ್ಮಾಡಿ ಊರಲ್ಲಿ ನಿಲ್ಲಿಸಿ ಪೆಡಲ್ ಒತ್ತಿ ನೋಡಿದ್ರು. ಬೆಳಿಗ್ಗೆ ಇದ್ದಷ್ಟೇ ಎತ್ತರದಲ್ಲಿ, ಅಷ್ಟೇ ಗಟ್ಟಿಯಾಗಿತ್ತು. ಗೇರ್ ಆಯಿಲ್ ಇನ್ನೂ ಬಾಕಿ ಇದೆ, ಇಂಟರ್ನಲ್ಸ್ ಮುಗಿದ ಮೇಲೆ.