ಬಾಯಿ ಎಣಿಸಿದ್ದು, ಬೆರಳು ಎಣಿಸಿದ್ದು

ಎಣಿಕೆ ಹೇಳೋದು ಬೇರೆ, ಎಣಿಸೋದು ಬೇರೆ. ನಾಕು ವರ್ಷದ ಕೂಸು ಇಪ್ಪತ್ತರ ತನಕ ಗಡಗಡ ಹೇಳಿತು ಅಂದರ ಮನಿಯವರು ಹಿಗ್ಗುತಾರ. ಅದೇ ಕೂಸಿನ ಮುಂದ ಹತ್ತು ಹುಣಸಿ ಬೀಜ ಇಟ್ಟು, "ನನಗ ನಾಕು ಕೊಡವಾ" ಅಂದರ ಮುಷ್ಟಿ ತುಂಬಾ ಬಾಚಿ ಕೊಡತದ. ಅದಕ್ಕ ಸಂಖ್ಯೆಯ ಹಾಡು ಬಂದದ, ಸಂಖ್ಯೆ ಬಂದಿಲ್ಲ. ನಾನು ಡೊಳ್ಳಿನ ಪದ, ಹಂತಿ ಪದ ಹಾಡಿಕೊಂಡು ಬಂದವನು. ಪದ ಬಾಯಿಗೆ ಬಂದ ಮಾತ್ರಕ್ಕ ತಾಳ ಕೈಗೆ ಬರೂದಿಲ್ಲ ಅನ್ನೋದು ನನಗ ಗೊತ್ತು. ಇದೂ ಹಂಗ.

ನಾನು ಏಳನೇತ್ತೆ ಕಲಿಯೋ ಕಾಲದಾಗ, 1975ರಲ್ಲಿ, ದೇಶದಾಗ ಅಂಗನವಾಡಿ ಯೋಜನೆ ಸುರುವಾತು. ಜತ್ತ ತಾಲೂಕಿನ ನಮ್ಮ ಊರಿಗೆ ಅದು ಬಂದದ್ದು ಬಹಳ ತಡವಾಗಿ. ಈಗ ನನ್ನ ಮೊಮ್ಮಗ ಅಲ್ಲಿಗೆ ಹೋಗತಾನ. ಅವನಿಗೆ ನಾಕು ವರ್ಷ ನಾಕು ತಿಂಗಳು. ಕನ್ನಡದಾಗ ಹತ್ತರ ತನಕ, ಮರಾಠಿಯೊಳಗ ಇಪ್ಪತ್ತರ ತನಕ ಹೇಳತಾನ. ಆದರ ಅವನಿಗೆ ಪೆನ್ಸಿಲ್ ಹಿಡಿಯಾಕ ಬರೂದಿಲ್ಲ, ಮೂರು ರೊಟ್ಟಿ ತಾ ಅಂದರ ಬುಟ್ಟಿನೇ ಎತ್ತಿಕೊಂಡು ಬರತಾನ. "ಅಪ್ಪಾ, ಹುಡುಗ ಮಂದ ಅದಾನ. ಜೂನಕ್ಕ ಪ್ಯಾಟಿ ಇಂಗ್ಲಿಷ್ ಸಾಲಿಗೆ ಹಾಕತೀನಿ, ಅಲ್ಲೇ ನನ್ನ ಹೆಂಡತಿ ತಮ್ಮನ ಮನಿಯಾಗ ಇರಲಿ" ಅಂದ ನನ್ನ ಮಗ. ನಾಕು ವರ್ಷದ ಕೂಸನ್ನ ತಾಯಿ ಬಿಟ್ಟು ಇರಿಸೋ ಮಾತು ನನ್ನ ಎದಿಗೆ ನಟ್ಟಿತು. ಮಾತಿಗೆ ಮಾತು ಬೆಳಸಲಿಲ್ಲ. ಅಂಗನವಾಡಿ ಅಕ್ಕೋರ ಹತ್ತಿರ ಹೋಗಿ ಕೂತೆ. ಅವರಿಗೂ ಮುಂದಿನ ವಾರ ಎಣಿಕೆ, ಮಾತು, ಬೆರಳಿನ ಕೆಲಸ ಮೂರನ್ನೂ ಸೇರಿಸಿ ಮಾಡಿಸೋದಿತ್ತು. ಇಬ್ಬರೂ ಕೂಡಿ ಆರು ದಿನದ ಯೋಜನೆ ಹಾಕಿದೆವು.

ಹದಿನೆಂಟು ಹುಡುಗರು. ಹದಿನಾಕು ಮಂದಿ ಮನಿಯಾಗ ಕನ್ನಡ ಆಡತಾರ, ನಾಕು ಮಂದಿ ಮರಾಠಿ. ದಿನಕ್ಕ ಇಪ್ಪತ್ತು ನಿಮಿಷ ಮಾತ್ರ, ಮುಂಜಾನೆ, ಹೊಟ್ಟಿ ತುಂಬಿದ ಮ್ಯಾಲೆ. ಇಡೀ ವಾರ ಐದರ ಆಚೆ ಹೋಗಬಾರದು ಅಂತ ಅಕ್ಕೋರು ಮೊದಲೇ ಕಟ್ಟು ಹಾಕಿದರು. ಅದೇ ಸರಿ. ಸಣ್ಣ ಸಂಖ್ಯೆ ಗಟ್ಟಿಯಾಗದೆ ದೊಡ್ಡದು ಬಾಯಿಪಾಠ ಆಗತದ, ಅಷ್ಟೇ.

ಸೋಮವಾರ ಏನೂ ಕಲಿಸಲಿಲ್ಲ, ನೋಡಿದೆವು. ಒಂದೊಂದೇ ಕೂಸನ್ನ ಕರೆದು, ಹತ್ತು ಹುಣಸಿ ಬೀಜ ಮುಂದಿಟ್ಟು, ಒಂದು ಕೊಡು, ಎರಡು ಕೊಡು, ಮೂರು ಕೊಡು ಅಂತ ಕೇಳಿದೆವು. ತಪ್ಪಿದರ ತಪ್ಪು ಅನ್ನಲಿಲ್ಲ, ಅಕ್ಕೋರು ವಹಿಯೊಳಗ ಬರಕೊಂಡರು. ನಾಕು ವರ್ಷ ತುಂಬದ ಆರು ಹುಡುಗರಿಗೆ ಬೀಜ ಕೊಡಲಿಲ್ಲ. ಅವರ ಕೈಗೆ ಸಿಕ್ಕದ್ದು ಬಾಯಿಗೆ, ಮೂಗಿಗೆ ಹೋಗತದ. ಅವರಿಗೆ ಗೊಂಜಾಳದ ಬೆಂಡು, ಡಬ್ಬಿ ಮುಚ್ಚಳ ಇಟ್ಟೆವು. ಔಡಲ ಬೀಜ, ಗುಲಗಂಜಿ ಮಾತ್ರ ಯಾರ ಕೈಗೂ ಕೊಡಬಾರದು. ನೋಡಾಕ ಚೆಂದ ಇರತಾವ, ಒಳಗ ವಿಷ. ದೊಡ್ಡ ಹನ್ನೆರಡು ಮಂದಿಯೊಳಗ ಐದು ಮಂದಿ ಐದರ ತನಕ ಸರಿಯಾಗಿ ಕೊಟ್ಟರು, ನಾಕು ಮಂದಿ ಮೂರರ ತನಕ, ಉಳಿದ ಮೂರು ಮಂದಿ ಎರಡರ ತನಕ. ನನ್ನ ಮೊಮ್ಮಗ ಆ ಮೂವರೊಳಗ ಒಬ್ಬ. ಮೂರು ಅಂದರ ಬಾಚಿ ಕೊಟ್ಟ.

ಮಂಗಳವಾರ ತಾಳದ ದಿನ. ತತ್ತಿ ತರೋ ಕಾಗದದ ಟ್ರೇ ಕತ್ತರಿಸಿ ಐದು ಕುಳಿಯ ಪಟ್ಟಿ ಮಾಡಿದೆವು. ಒಂದು ಕುಳಿಗೆ ಒಂದು ಬೀಜ, ಒಂದು ಬೀಜಕ್ಕ ಒಂದು ಮಾತು. ಇಲ್ಲಿ ನನಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಮೊಮ್ಮಗ "ಒಂ" ಅಂದು ಒಂದು ಬೀಜ ಇಟ್ಟ, "ದು" ಅಂದು ಮತ್ತೊಂದು ಇಟ್ಟ. "ಎರಡು" ಅನ್ನೋದಕ್ಕ ಮೂರು ಸಲ ಬೆರಳು ಊರಿದ. ಮಾತಿಗೆ ಬೆರಳು ಊರಬೇಕಾದವ ಅಕ್ಷರಕ್ಕ ಊರುತಿದ್ದ. ಪಕ್ಕದಾಗ ಮರಾಠಿ ಮನಿ ಹುಡುಗಿ ಏಕ, ದೋನ, ತೀನ, ಚಾರ, ಪಾಚ ಅಂತ ತಪ್ಪಿಲ್ಲದೆ ಇಟ್ಟಳು. ಅವು ಒಂದೇ ಏಟಿನ ಮಾತು, ಬೆರಳಿಗೆ ಜಾರಾಕ ಜಾಗ ಇಲ್ಲ. ನಮ್ಮ ಒಂದು, ಎರಡು, ಮೂರು, ನಾಕು, ಐದು ಎರಡು ಮೂರು ಏಟಿನವು. ಇದಕ್ಕ ಕನ್ನಡ ಬಿಡಬೇಕಾಗಿಲ್ಲ, ಏಟು ಕಟ್ಟಬೇಕು. ನಾನು ಡೊಳ್ಳು ತಂದು ಮಾತಿನ ಮೊದಲ ಅಕ್ಷರಕ್ಕ ಒಂದೇ ಏಟು ಹಾಕಿ, ಉಳಿದದ್ದನ್ನ ಎಳೆದು ಹೇಳಿದೆ. ಏಟಿಗೆ ಬೀಜ ಕುಳಿಗೆ ಬೀಳಬೇಕು, ಎಳೆಯುವಾಗ ಕೈ ಹಿಂದಕ್ಕ ಬಂದು ಇನ್ನೊಂದು ಹಿಡಿಯಬೇಕು. ಆ ಎಳೆತದಾಗ ಬೆರಳಿಗೆ ಪುರುಸೊತ್ತು ಸಿಗತದ. ಜೋರಾಗಿ ಹಾಡಿದರ ಕೆಡತದ. ಬಾಯಿ ಮುಂದ, ಬೆರಳು ಹಿಂದ ಉಳೀತಂದರ ತಾಳ ಇನ್ನೂ ನಿಧಾನ ಮಾಡಬೇಕು ಅಂತ ತಿಳಕೊಳ್ಳಿರಿ.

ಬುಧವಾರ "ಎಷ್ಟಾತು?" ಅನ್ನೋ ಆಟ. ಕೂಸು ಎಣಿಸಿ ಮುಗಿಸಿದ ಕೂಡಲೇ ಬೀಜದ ಮ್ಯಾಲೆ ಟಾವೆಲ್ ಮುಚ್ಚಿ ಎಷ್ಟಾತು ಅಂತ ಕೇಳೋದು. ಕಡೀ ಮಾತೇ ಉತ್ತರ ಅಂತ ತಿಳಿದ ಕೂಸು "ನಾಕು" ಅಂತದ. ತಿಳಿಯದ ಕೂಸು ಟಾವೆಲ್ ಎತ್ತಿ ಮತ್ತ ಒಂದರಿಂದ ಸುರು ಮಾಡತದ, ಇಲ್ಲಾ ಬಾಯಿಗೆ ಬಂದದ್ದು ಹೇಳತದ. ಅಂಥ ಕೂಸಿಗೆ ಎಣಿಸಿದ ಮ್ಯಾಲೆ ಬೀಜದ ಸುತ್ತ ಕೈ ಆಡಿಸಿ, "ಒಂದು, ಎರಡು, ಮೂರು. ಎಲ್ಲಾ ಕೂಡಿ ಮೂರು" ಅಂತ ನಾವೇ ಹೇಳಿ ತೋರಿಸಬೇಕು. ಆಮ್ಯಾಲೆ ಅವೇ ಬೀಜ ದೂರ ದೂರ ಹರಡಿ ಮತ್ತ ಕೇಳಿದೆವು. ಸಾಲು ಉದ್ದಾದದ್ದಕ್ಕ ಹೆಚ್ಚಾದವು ಅಂದವರು ಬಹಳ. ಅದು ಆ ವಯಸ್ಸಿನ ಸಹಜ. ಕಣ್ಣು ಹೇಳಿದ್ದನ್ನ ನಂಬತಾರ, ಎಣಿಕೆ ಹೇಳಿದ್ದನ್ನ ಇನ್ನೂ ನಂಬೂದಿಲ್ಲ. ಬೈಯಬಾರದು, ಮತ್ತ ಕೂಡಿಸಿ ಅವರ ಕೈಲೇ ಎಣಿಸಿಸಬೇಕು.

ಗುರುವಾರ ಮಾತಿನ ದಿನ. ನಮ್ಮ ಕನ್ನಡದಾಗ ಬೀಜಕ್ಕ ಒಂದು ಲೆಕ್ಕ, ಮನುಷ್ಯಾಗ ಒಂದು ಲೆಕ್ಕ. ಎರಡು ಎತ್ತು ಅಂತೀವಿ, ಎರಡು ಹುಡುಗರು ಅನ್ನೂದಿಲ್ಲ, ಇಬ್ಬರು ಅಂತೀವಿ. ಒಬ್ಬ, ಒಬ್ಬಳು, ಇಬ್ಬರು, ಮೂವರು. ನಾಕಕ್ಕ ನಾಲ್ವರು, ಐದಕ್ಕ ಐವರು ಅಂತ ಪುಸ್ತಕದಾಗ ಅದಾವ, ಮನಿಯಾಗ ನಾಕು ಮಂದಿ, ಐದು ಮಂದಿ ಅಂತ ಆಡತೀವಿ. ಅಂಗಳದಾಗ ಬಳಿ ಸುಣ್ಣದಲೇ ಒಂದು ಬಾವಿ ಬರೆದೆವು. ಅಕ್ಕೋರು ಕಥಿ ಹೇಳಿದಂಗ ಹುಡುಗರು ಬಾವಿಗೆ ನೀರಿಗೆ ಬರಬೇಕು. "ಒಬ್ಬಳು ಬಂದಳು. ಇನ್ನೊಬ್ಬ ಬಂದ. ಈಗ ಎಷ್ಟು ಮಂದಿ?" ಕೂಸು ಬರೀ "ಎರಡು" ಅಂದರ ಅಕ್ಕೋರು ತಿದ್ದಲಿಲ್ಲ, "ಹೌದು, ಇಬ್ಬರು ಬಂದಾರ" ಅಂತ ತುಂಬಿ ಹೇಳಿದರು. ಹತ್ತು ಸಲ ಕಿವಿಗೆ ಬಿದ್ದ ಮ್ಯಾಲೆ ಹುಡುಗರೇ "ಇಬ್ಬರು ಬಂದಾರ" ಅಂದರು. ಮರಾಠಿ ಹುಡುಗಿ ಎದ್ದು "ದೋಘ" ಅಂದಳು. ಅವರಲ್ಲೂ ದೋಘ, ತಿಘ, ಚೌಘ ಅಂತ ಮನುಷ್ಯಾಗ ಬೇರೆ ಲೆಕ್ಕ ಅದ. ಆ ಹೊತ್ತಿಗೆ ಅಕಿನೇ ಅಕ್ಕೋರಾದಳು, ನಮ್ಮ ಹುಡುಗರು ಅಕಿ ಹಿಂದ ಹೇಳಿದರು. ಮನಿ ಮಾತಿನೊಳಗ ಇಬ್ಬರು ಅಂದರ ಎಷ್ಟು ಅಂತ ತಿಳಿದಿದ್ದ ಹುಡುಗರಿಗೆ ಆ ಹೊಸ ಮಾತು ಅಲ್ಲೇ ಹಿಡೀತು. ಹೆಸರು ಬದಲಾತು, ಲೆಕ್ಕ ಅದೇ ಉಳೀತು.

ಶುಕ್ರವಾರ ಬೆರಳಿನ ದಿನ. ಪೆನ್ಸಿಲ್ ಬರೂದಿಲ್ಲ ಅಂತ ಮಗ ಹೇಳಿದ್ದನಲ್ಲ, ಅದಕ್ಕ ಕಾರಣ ಬುದ್ಧಿಯಲ್ಲ, ಹೆಬ್ಬೆರಳು. ಸಣ್ಣ ಕೂಸು ಪೆನ್ಸಿಲನ್ನ ಕುಡಗೋಲು ಹಿಡಿದಂಗ ಮುಷ್ಟಿಲೇ ಹಿಡೀತದ, ತೋಳು ಪೂರಾ ಆಡಿಸತದ. ಹೆಬ್ಬೆರಳು, ತೋರಬೆರಳು, ನಡಬೆರಳು ಮೂರೂ ತುದಿಗೆ ಕೂಡಿ ಹಿಡಿಯೋ ಬಲ ಬರೂ ತನಕ ಬರಸೂದು ಬ್ಯಾಡ. ಮೊದಲು ಕರೀ ಮಣ್ಣು ನಾದಿ ಐದು ಉಂಡಿ ಮಾಡಿಸಿದೆವು, ಅಂಗೈಗೆ ಬಲ ಬರಲಿ ಅಂತ. ಆಮ್ಯಾಲೆ ಶೇಂಗಾ ಒಡೆಯೋದು. ಕಾಯಿ ಚಿವುಟಾಕ ಹೆಬ್ಬೆರಳು ತೋರಬೆರಳಿನ ಎದುರಿಗೆ ಬರಲೇಬೇಕು. ಒಬ್ಬರಿಗೆ ಐದೇ ಕಾಯಿ. ಹಸಿ ಕಾಯಿಯಾದರ ಕೈಗೆ ಹಗುರ. ಒಡೆದ ಕಾಳು ಅಲ್ಲೇ ತಿನ್ನಾಕ ಬಿಡಬಾರದು, ಇಡೀ ಕಾಳು ಸಣ್ಣ ಹುಡುಗರ ಉಸಿರಿನ ನಾಳಕ್ಕ ಸಿಗತದ. ಬಟ್ಟಲದಾಗ ಕೂಡಿಸಿ, ಕುಟ್ಟಿ, ಬೆಲ್ಲ ಹಾಕಿ ಮರುದಿನ ಕೊಟ್ಟರು. ಕಡೀಕ ರಂಗೋಲಿ ಪುಡಿ ಚಿವುಟಿ ಐದು ಚುಕ್ಕಿ ಇಡಿಸಿದೆವು. ಚುಕ್ಕಿ ಇಡೋ ಬೆರಳೇ ನಾಳೆ ಪೆನ್ಸಿಲ್ ಹಿಡಿಯೋ ಬೆರಳು. ಮೊಮ್ಮಗನ ಚುಕ್ಕಿ ಮೊದಲು ಗುಂಪಿ ಆದವು, ಐದನೇದು ಚುಕ್ಕಿಯಂಗೇ ಬಿತ್ತು.

ಶನಿವಾರ ಸೋಮವಾರದ ಪ್ರಶ್ನೆನೇ ಮತ್ತ ಕೇಳಿದೆವು. ಮಗನನ್ನೂ ಕರೆದಿದ್ದೆ, ಬಾಗಿಲ ಹತ್ತಿರ ನಿಂತಿದ್ದ. ದೊಡ್ಡ ಹನ್ನೆರಡು ಮಂದಿಯೊಳಗ ಐದರ ತನಕ ಕೊಟ್ಟವರು ಏಳಾದರು. ಉಳಿದವರೊಳಗ ನಾಕು ಮಂದಿ ಮೂರರ ತನಕ, ಒಬ್ಬ ಮಾತ್ರ ಎರಡಕ್ಕೇ ನಿಂತ. ಮೊಮ್ಮಗ ಮೂರು ಸರಿಯಾಗಿ ಕೊಟ್ಟ, ಮೂರು ಸಲ ಕೇಳಿದರೂ ಮೂರೇ ಕೊಟ್ಟ. ನಾಕು ಅಂದಾಗ ಐದು ಕೊಟ್ಟ. ಆದರ ಬಾಚಿ ಕೊಡಲಿಲ್ಲ, ಒಂದೊಂದೇ ಇಟ್ಟು ನಾಕರ ಹತ್ತಿರ ನಿಲ್ಲೋದು ಮರೆತ. ಸೋಮವಾರದ ತಪ್ಪಿಗೂ ಶನಿವಾರದ ತಪ್ಪಿಗೂ ಅಜಗಜಾಂತರ ಅದ. ಒಂದು ಸಂಖ್ಯೆಯಿಂದ ಮುಂದಿನ ಸಂಖ್ಯೆಗೆ ದಾಟಾಕ ಕೂಸಿಗೆ ವಾರ ಅಲ್ಲ, ತಿಂಗಳುಗಟ್ಟಲೆ ಬೇಕಾಗತದ. ಒಂದೇ ವಾರದಾಗ ಐದು ಬರಲಿ ಅಂದರ ಮತ್ತ ಬಾಯಿಪಾಠಕ್ಕೇ ಹೋಗತೀವಿ.

ಮಗ ಸಾಲಿ ಮಾತು ಇನ್ನೂ ತೀರ್ಮಾನ ಮಾಡಿಲ್ಲ. ಆದರ ಮಂದ ಅನ್ನೋ ಮಾತು ಅಂದಿನಿಂದ ಅವನ ಬಾಯಾಗ ಬಂದಿಲ್ಲ. ಅಕ್ಕೋರು ಮುಂದಿನ ವಾರಕ್ಕ ಆರು, ಏಳು ತಗೊಳ್ಳಲಿಲ್ಲ. ಐದನ್ನೇ ಇಟ್ಟುಕೊಂಡು, ಬೀಜದ ಬದಲಿ ಚಪ್ಪಾಳೆ ಎಣಿಸೋದು ಬರಕೊಂಡಾರ. ಚಪ್ಪಾಳೆ ಕಣ್ಣಿಗೆ ಉಳಿಯೂದಿಲ್ಲ, ಕೈಗೆ ಸಿಗೂದಿಲ್ಲ, ಮನಸಿನಾಗೇ ಹಿಡಿದಿಡಬೇಕು. ಅದು ಬೀಜಕ್ಕಿಂತ ಬಿಗಿ. ಡೊಳ್ಳು ಅಲ್ಲೇ ಅಂಗನವಾಡಿ ಮೂಲಿಯಾಗ ಬಿಟ್ಟು ಬಂದೀನಿ.